ಸೋಮವಾರದ ಎರಡು ವಾಕ್ಯ: ಕಚೇರಿಯ ಗುಂಪಿಗೆ ನಗು ಬೆರೆಸಿ ಬರೆಯುವುದು ಹೇಗೆ?

ಸೋಮವಾರ ಬೆಳಿಗ್ಗೆ ಕಚೇರಿಯ ವಾಟ್ಸ್ಆ್ಯಪ್ ಗುಂಪಿಗೆ ಬರುವ ಸಂದೇಶಗಳನ್ನು ನೆನಪಿಸಿಕೊಳ್ಳಿ. ಸೂರ್ಯೋದಯದ ಚಿತ್ರ, ಪಕ್ಕದಲ್ಲೊಂದು ಗುಲಾಬಿ, ಕೆಳಗೆ ‘ಹೊಸ ವಾರ, ಹೊಸ ಹುರುಪು’. ಒಬ್ಬರು ಕೈಮುಗಿಯುವ ಗುರುತು ಹಾಕುತ್ತಾರೆ, ಉಳಿದವರೂ ಅದನ್ನೇ ಹಾಕುತ್ತಾರೆ, ಅಲ್ಲಿಗೆ ಮುಗಿಯಿತು. ಯಾವ ಕಚೇರಿಗೆ ಕಳಿಸಿದರೂ ನಡೆಯುವ ಸಂದೇಶ ಯಾವ ಕಚೇರಿಯವರಿಗೂ ತಾಗುವುದಿಲ್ಲ. ತಾಗಬೇಕಾದರೆ ಆ ವಾರದ, ಆ ಮೇಜುಗಳ, ಆ ಹತ್ತು ಹನ್ನೊಂದು ಜನರ ಸಂಗತಿ ಅದರಲ್ಲಿರಬೇಕು.

ನಾನು ಹುಬ್ಬಳ್ಳಿಯ ಒಂದು ವಿತರಣಾ ಸಂಸ್ಥೆಯ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ನಾವು ಹನ್ನೊಂದು ಮಂದಿ. ಸೋಮವಾರದ ಸಾಲು ಬರೆಯುವುದು ಆರು ವರ್ಷಗಳಿಂದ ನನ್ನ ಪಾಲಿಗೆ ಬಂದ ಕೆಲಸ, ನನಗೆ ಬಹಳ ಪ್ರೀತಿಯ ಕೆಲಸವೂ ಹೌದು. ಒಂದು ಸಾಲು ಹುಟ್ಟಿದ ಬಗೆಯನ್ನೇ ಹಿಡಿದು ಇಲ್ಲಿ ವಿವರಿಸುತ್ತೇನೆ.

ಮೊದಲ ಹೆಜ್ಜೆ: ಶನಿವಾರ ಸಂಜೆ ಒಂದು ವಸ್ತುವನ್ನು ಹುಡುಕಿಕೊಳ್ಳಿ

ಸೋಮವಾರ ಬೆಳಿಗ್ಗೆ ಕುಳಿತು ಯೋಚಿಸಿದರೆ ಹೊಳೆಯುವುದು ಗಾದೆಯೋ ಸುಭಾಷಿತವೋ ಮಾತ್ರ. ಅದಕ್ಕೇ ವಾರದ ಕೊನೆಯ ದಿನ ಮನೆಗೆ ಹೊರಡುವ ಮೊದಲು ಒಮ್ಮೆ ಸುತ್ತ ನೋಡಿ. ಯಾವ ಕೆಲಸ ಅರ್ಧಕ್ಕೆ ನಿಂತಿದೆ? ಯಾವ ವಸ್ತುವಿನ ಬಗ್ಗೆ ವಾರವಿಡೀ ಎಲ್ಲರೂ ಗೊಣಗಿದ್ದಾರೆ? ಕಾಗದ ಸಿಕ್ಕಿಸಿಕೊಳ್ಳುವ ಪ್ರಿಂಟರ್, ಕಾಲು ಅಲುಗಾಡುವ ಕುರ್ಚಿ, ಮುಗಿಯದ ಪಟ್ಟಿ, ಯಾವುದಾದರೂ ಆಗಬಹುದು. ಅದು ಕಣ್ಣಿಗೆ ಕಾಣುವಂಥದ್ದಾಗಿರಲಿ, ಸಾಧ್ಯವಾದರೆ ಎಣಿಸಲು ಬರುವಂಥದ್ದಾಗಿರಲಿ.

ಆ ಶನಿವಾರ ನನಗೆ ಕಂಡದ್ದು ಕಿಟಕಿಯ ಪಕ್ಕದ ಮೇಜಿನ ಮೇಲಿದ್ದ ಖರೀದಿ ಬಿಲ್ಲುಗಳ ಕಟ್ಟು. ಎಣಿಸಿದೆ, 46 ಇದ್ದವು. ಸೋಮವಾರ ತಿಂಗಳ 15ನೇ ತಾರೀಖು. ಜಿಎಸ್‌ಟಿಯ 3ಬಿ ವಿವರ ಸಲ್ಲಿಸಲು 20 ಕೊನೆಯ ದಿನ. ನಮಗೆ ಮಾರಿದವರು ತೋರಿಸಿದ ಬಿಲ್ಲುಗಳ ಪಟ್ಟಿ, ಅಂದರೆ 2ಬಿ, 14ಕ್ಕೆ ಜಾಲತಾಣದಲ್ಲಿ ಬರುತ್ತದೆ. ನಮ್ಮ ಪುಸ್ತಕಕ್ಕೆ ಬಿಲ್ಲು ಏರದೆ ಆ ಪಟ್ಟಿಯೊಂದಿಗೆ ತಾಳೆ ನೋಡುವುದಾದರೂ ಹೇಗೆ? ಹನ್ನೊಂದು ಜನರ ತಲೆಯಲ್ಲೂ ಕೂತಿದ್ದ ಚಿಂತೆ ಅದೇ ಕಟ್ಟು. ಸಾಲಿಗೆ ಅದಕ್ಕಿಂತ ಒಳ್ಳೆಯ ವಸ್ತು ಬೇಕಿರಲಿಲ್ಲ.

ಎರಡನೆಯ ಹೆಜ್ಜೆ: ಇದ್ದದ್ದನ್ನು ಇದ್ದಂತೆ ಬರೆದು, ಆಮೇಲೆ ತಿರುಗಿಸಿ

ನಾನು ಮೊದಲು ಬರೆದದ್ದು ಹೀಗಿತ್ತು: ‘46 ಬಿಲ್ಲುಗಳು ಬಾಕಿ ಇವೆ. ದಯವಿಟ್ಟು ಬೇಗ ಮುಗಿಸಿ.’ ಇದರಲ್ಲಿ ಸುಳ್ಳೇನೂ ಇಲ್ಲ, ಆದರೆ ಓದಿದವರಿಗೆ ಮೇಲಧಿಕಾರಿಯ ಸುತ್ತೋಲೆ ಕೈಗೆ ಬಂದಂತಾಗುತ್ತದೆ. ದಯವಿಟ್ಟು ಎಂದು ಸೇರಿಸಿದರಂತೂ ಅದು ಇನ್ನಷ್ಟು ಬಿಗಿಯಾಗಿ ಕೇಳಿಸುತ್ತದೆ.

ಈಗ ಆ ವಸ್ತುವಿಗೆ ಜೀವ ಕೊಡಿ. ನಾವು ಮನೆಯಲ್ಲಿದ್ದಾಗ ಅದು ಇಲ್ಲಿ ಏನು ಮಾಡುತ್ತಿತ್ತು ಎಂದು ಕೇಳಿಕೊಳ್ಳಿ. ಭಾನುವಾರ ನಾವು ಮಲಗಿದ್ದೆವು, ಬಿಲ್ಲುಗಳೂ ಮಲಗಿದ್ದವು. ಅಲ್ಲಿಂದ ಈ ಸಾಲು ಬಂತು:

‘ಶನಿವಾರ ಬಿಟ್ಟುಬಂದ 46 ಬಿಲ್ಲುಗಳು ಭಾನುವಾರವಿಡೀ ಒಂದರ ಮೇಲೊಂದು ಬಿದ್ದು ಗಡದ್ದಾಗಿ ನಿದ್ದೆ ಮಾಡಿವೆ. ಊಟದೊಳಗೆ ಇಪ್ಪತ್ತನ್ನಾದರೂ ಎಬ್ಬಿಸೋಣ.’

ಇಲ್ಲಿ ಎರಡು ವಾಕ್ಯಗಳಿಗೆ ಎರಡು ಬೇರೆ ಬೇರೆ ಕೆಲಸಗಳಿವೆ. ಮೊದಲನೆಯದು ನಗಿಸುತ್ತದೆ, ಎರಡನೆಯದು ಒಂದು ಚಿಕ್ಕ ಗುರಿ ಇಡುತ್ತದೆ. ಗುರಿಗೆ ಲೆಕ್ಕವೂ ಹೊತ್ತೂ ಬೇಕು. 46ನ್ನೂ ಇಂದೇ ಮುಗಿಸೋಣ ಎಂದಿದ್ದರೆ ಆ ಕಟ್ಟಿನ ಭಾರವನ್ನೇ ಮತ್ತೆ ಹೊರಿಸಿದಂತಾಗುತ್ತಿತ್ತು. ಇಬ್ಬರು ಕುಳಿತರೆ ಊಟದೊಳಗೆ ಇಪ್ಪತ್ತು ಆಗುತ್ತದೆ ಎಂಬುದು ನಮಗೆಲ್ಲ ತಿಳಿದದ್ದೇ. ಆಗುವ ಕೆಲಸವನ್ನು ಹೇಳಿದಾಗ ಕೈ ತಾನಾಗಿ ಮುಂದೆ ಬರುತ್ತದೆ.

ಕ್ರಿಯಾಪದದ ರೂಪವನ್ನೂ ಗಮನಿಸಿ. ‘ಎಬ್ಬಿಸಿ’ ಎಂದರೆ ಅಪ್ಪಣೆ, ‘ಎಬ್ಬಿಸಬೇಕು’ ಎಂದರೆ ಕಟ್ಟಳೆ, ‘ಎಬ್ಬಿಸೋಣ’ ಎಂದರೆ ಬರೆದವರೂ ತೋಳು ಮಡಿಚಿದ್ದಾರೆ ಎಂದರ್ಥ. ಹಾಗೆ ಬರೆದ ದಿನ ನಾನೂ ಐದು ಬಿಲ್ಲು ಏರಿಸಲೇಬೇಕು, ಏರಿಸುತ್ತೇನೆ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುವುದು ನಗೆಯ ಸಾಲಿಗೆ ದೊಡ್ಡ ಅನುಕೂಲ. ಅಚ್ಚರಿಯನ್ನು ಆ ಕೊನೆಯ ಪದದಲ್ಲಿ ಅಡಗಿಸಿಡಬಹುದು. ‘ನಿದ್ದೆ ಮಾಡಿವೆ’, ‘ಎಬ್ಬಿಸೋಣ’ ಎಂಬ ಮಾತುಗಳು ಅಲ್ಲಿ ಬಂದಿದ್ದರಿಂದಲೇ ನಗು ಬರುತ್ತದೆ. ಅವುಗಳ ನಂತರ ಇನ್ನೊಂದು ವಿವರಣೆ ಸೇರಿಸಿದರೆ ನಗು ಅಲ್ಲೇ ಇಂಗಿಹೋಗುತ್ತದೆ.

ಅದೇ ಕಟ್ಟಿನ ಮೇಲೆ ಇನ್ನೊಂದು ಸಾಲೂ ಹೊಳೆದಿತ್ತು: ‘ಅರ್ಜುನನ ಬಳಿ ಇದ್ದದ್ದು ಒಂದೇ ಬಿಲ್ಲು, ನಮ್ಮ ಬಳಿ 46. ಊಟದೊಳಗೆ ಇಪ್ಪತ್ತನ್ನಾದರೂ ಹೆದೆಯೇರಿಸೋಣ.’ ನನಗೆ ಇದೇ ಹೆಚ್ಚು ಇಷ್ಟವಾಯಿತು. ಆದರೆ ಗುಂಪಿನಲ್ಲಿ ಮನೆಮಾತು ಮರಾಠಿಯಾದ ಇಬ್ಬರಿದ್ದಾರೆ, ಹೆದೆಯೇರಿಸುವುದು ಅವರಿಗೆ ಚಟ್ಟನೆ ಹೊಳೆಯುವ ಪದವಲ್ಲ. ಎಲ್ಲರೂ ನಗುವಾಗ ಇಬ್ಬರು ಅರ್ಥ ಕೇಳುವಂತಾದರೆ ಆ ಸಾಲು ಎಷ್ಟೇ ಚೆನ್ನಾಗಿದ್ದರೂ ಬೇಡ. ಅದನ್ನು ಡೈರಿಯಲ್ಲಿ ಬರೆದಿಟ್ಟುಕೊಂಡೆ.

ಗಾದೆಯನ್ನು ಬಳಸುವುದಾದರೆ

ಬರೀ ಗಾದೆಯನ್ನಷ್ಟೇ ಕಳಿಸಿದರೆ ಶಾಲೆಯ ಗೋಡೆ ನೆನಪಾಗುತ್ತದೆ. ಸಾಲಿನ ಮೊದಲರ್ಧದಲ್ಲಿ ಗಾದೆಯನ್ನು ಒಂದಕ್ಷರವೂ ಬದಲಿಸದೆ ಇಟ್ಟು, ಎರಡನೆಯ ಅರ್ಧದಲ್ಲಿ ನಿಮ್ಮ ಕಚೇರಿಯನ್ನು ತನ್ನಿ. ‘ಕೈ ಕೆಸರಾದರೆ ಬಾಯಿ ಮೊಸರು, ಲೆಕ್ಕ ತಾಳೆಯಾದರೆ ಆರು ಗಂಟೆಗೆ ಬಸ್ಸು.’ ಓದುವವರ ನಾಲಿಗೆ ಮೊಸರಿನವರೆಗೆ ಅಭ್ಯಾಸದಿಂದ ಓಡಿ, ಬಸ್ಸಿನ ಹತ್ತಿರ ನಕ್ಕು ನಿಲ್ಲುತ್ತದೆ. ಪ್ರಾಸವೂ ಲಯವೂ ಉಳಿಯಬೇಕು, ಉಳಿಯದಿದ್ದರೆ ಬೇರೆ ಗಾದೆ ಹುಡುಕಿ. ಅತ್ತೆ ಸೊಸೆ, ಜಾತಿ ಕಸುಬು, ಮೈಬಣ್ಣ, ಅಂಗವೈಕಲ್ಯ ಇರುವ ಗಾದೆಗಳನ್ನು ಮುಟ್ಟಬೇಡಿ. ಅವುಗಳನ್ನು ಎಷ್ಟು ತಿರುಗಿಸಿದರೂ ಹಳೆಯ ಮುಳ್ಳು ಒಳಗೆ ಇದ್ದೇ ಇರುತ್ತದೆ.

ಮೂರನೆಯ ಹೆಜ್ಜೆ: ಯಾರಿಗೆ ತಾಗುತ್ತದೆ ಎಂದು ನೋಡಿ

ಕಳಿಸುವ ಮುನ್ನ ಗುಂಪಿನ ಸದಸ್ಯರ ಪಟ್ಟಿ ತೆರೆದು ಒಂದೊಂದೇ ಹೆಸರಿನ ಜಾಗದಲ್ಲಿ ನಿಂತು ಸಾಲನ್ನು ಓದಿ. ಹನ್ನೊಂದು ಹೆಸರಿಗೆ ಎರಡು ನಿಮಿಷ ಸಾಕು. ‘ಇದು ನನಗೇ ಹೇಳಿದ್ದು’ ಎಂದು ಒಬ್ಬರಿಗೆ ಅನ್ನಿಸುವಂತಿದ್ದರೂ ಅಳಿಸಿಬಿಡಿ.

ಈ ಎರಡು ನಿಮಿಷದ ಬೆಲೆ ನಾನು ಕಲಿತದ್ದು ಮೊದಲ ವರ್ಷ. ಒಂದು ಸೋಮವಾರ ಹೀಗೆ ಬರೆದೆ: ‘ನಮ್ಮ ಕಚೇರಿಯ ಗಡಿಯಾರದಲ್ಲಿ ಒಂಬತ್ತೂವರೆ ಕೆಲವರಿಗೆ ಹತ್ತು ಗಂಟೆಗೆ ಹೊಡೆಯುತ್ತದೆ.’ ಹೆಸರು ಹಾಕಿರಲಿಲ್ಲ. ಎಂಟು ಜನ ನಗುವ ಗುರುತು ಹಾಕಿದರು. ಆದರೆ ‘ಕೆಲವರು’ ಎಂದರೆ ಒಬ್ಬರೇ ಎಂಬುದು ಎಲ್ಲರಿಗೂ ಗೊತ್ತಿತ್ತು. ಆ ಸಹೋದ್ಯೋಗಿ ವಾರಕ್ಕೆ ಎರಡು ದಿನ ತಾಯಿಯನ್ನು ಡಯಾಲಿಸಿಸ್‌ಗೆ ಬಿಟ್ಟು ಬರುತ್ತಿದ್ದರು, ಅದು ನನಗೆ ತಿಳಿದದ್ದು ಆ ಸಂಜೆ. ಅವರ ಮೇಜಿನ ಬಳಿ ಹೋಗಿ ಕ್ಷಮೆ ಕೇಳಿದೆ. ‘ಇರಲಿ ಬಿಡಿ ಮೇಡಂ’ ಎಂದರು. ಆದರೆ ಮುಂದೆ ನಾಲ್ಕು ತಿಂಗಳು ಗುಂಪಿನಲ್ಲಿ ಅವರಿಂದ ಒಂದಕ್ಷರವೂ ಬರಲಿಲ್ಲ. ಅಂದಿನಿಂದ ನಗೆ ಏನಿದ್ದರೂ ಬಿಲ್ಲು, ಪ್ರಿಂಟರ್, ಕಡತಗಳ ಮೇಲೆ. ಅವುಗಳ ಮನೆಯಲ್ಲಿ ಯಾರಿಗೂ ಕಾಯಿಲೆ ಇರುವುದಿಲ್ಲ.

ಸಂಬಳ, ಬಡ್ತಿ, ರಜೆಯ ವಿಷಯಗಳನ್ನೂ ಬಿಡಿ. ಗುಂಪಿನಲ್ಲಿ ಒಬ್ಬರ ಮನೆಯಲ್ಲಿ ಸಾವಾಗಿದ್ದರೆ ಅಥವಾ ಕೆಲಸ ಹೋಗುವ ಮಾತು ಕಚೇರಿಯಲ್ಲಿ ಹರಿದಾಡುತ್ತಿದ್ದರೆ ಆ ಸೋಮವಾರ ಏನೂ ಬರೆಯಬೇಡಿ. ಒಂದು ವಾರ ಸಾಲು ಬಾರದಿದ್ದರೆ ಯಾರೂ ಕಾರಣ ಕೇಳುವುದಿಲ್ಲ, ಅವರಿಗೇ ಅರ್ಥವಾಗಿರುತ್ತದೆ.

ನಾಲ್ಕನೆಯ ಹೆಜ್ಜೆ: ಅಳತೆ ಮತ್ತು ಹೊತ್ತು

ಬಿಲ್ಲಿನ ಸಾಲಿನಲ್ಲಿ ಇರುವುದು ಹದಿನಾಲ್ಕು ಪದ. ಇಪ್ಪತ್ತು ಮೀರಿದರೆ ಬೀಗ ಹಾಕಿದ ಮೊಬೈಲಿನ ಪರದೆಯ ಮೇಲೆ ಬಾಲ ಕತ್ತರಿಸಿಹೋಗುವ ಸಂಭವ ಹೆಚ್ಚು. ನಮ್ಮ ನಗೆ ಇರುವುದೇ ಬಾಲದಲ್ಲಿ. ಜೊತೆಗೆ ಚಿತ್ರ ಬೇಡ, ಗುರುತು ಹಾಕಲೇಬೇಕೆಂದರೆ ಒಂದು ಸಾಕು.

ಕಳಿಸುವ ಹೊತ್ತು ಕೆಲಸ ಶುರುವಾಗುವ ಹತ್ತು ನಿಮಿಷ ಮೊದಲು. ನಮ್ಮದು ಒಂಬತ್ತೂವರೆಯ ಕಚೇರಿ, ನಾನು ಕಳಿಸುವುದು 9.20ಕ್ಕೆ. ಏಳು ಗಂಟೆಗೆ ಕಳಿಸಿದರೆ ಮಗುವಿನ ಡಬ್ಬಿ ಕಟ್ಟುತ್ತಿರುವವರ ಅಡುಗೆಮನೆಗೆ ಕಚೇರಿಯನ್ನು ನುಗ್ಗಿಸಿದಂತೆ. ಭಾನುವಾರ ರಾತ್ರಿಯಂತೂ ಖಂಡಿತ ಬೇಡ. 9.20ಕ್ಕೆ ನಮ್ಮ ಧಾರವಾಡದ ನಾಲ್ವರು ಚಿಗರಿ ಬಸ್ಸಿನಲ್ಲಿರುತ್ತಾರೆ, ಮೊಬೈಲು ಕೈಯಲ್ಲೇ ಇರುತ್ತದೆ. ಅವರನ್ನು ನೆನೆದು ಬರೆದ ಸಾಲೊಂದು ಈಗಲೂ ನಮ್ಮಲ್ಲಿ ಮಾತಿಗೆ ಬರುತ್ತದೆ: ‘ಚಿಗರಿಯಲ್ಲಿ ನಿಂತು ಬಂದವರಿಗಾಗಿ ಇಲ್ಲಿ ಕುರ್ಚಿ ಕಾದಿದೆ. ಮೊದಲ ಅರ್ಧ ಗಂಟೆ ಬ್ಯಾಂಕಿನ ಲೆಕ್ಕ ತಾಳೆ ನೋಡೋಣ, ಆಮೇಲೆ ಚಹಾ.’

ಕಳಿಸಿದ ಮೇಲೆ ತಪ್ಪು ಕಂಡರೆ ವಾಟ್ಸ್ಆ್ಯಪ್‌ನಲ್ಲಿ ಹದಿನೈದು ನಿಮಿಷದೊಳಗೆ ತಿದ್ದಬಹುದು. ಅಂಕಿಯನ್ನು ಮಾತ್ರ ಮೊದಲೇ ಸರಿನೋಡಿ. 46ರ ಬದಲು 64 ಎಂದು ಬಿದ್ದರೆ ನಗುವವರೂ ಬೆಚ್ಚಿಬೀಳುತ್ತಾರೆ.

ಐದನೆಯ ಹೆಜ್ಜೆ: ಉತ್ತರಗಳನ್ನು ಓದಿ

ಸಾಲು ಹಿಡಿಸಿತೋ ಇಲ್ಲವೋ ಎಂಬುದು ಹೆಬ್ಬೆರಳಿನ ಗುರುತುಗಳಿಂದ ತಿಳಿಯುವುದಿಲ್ಲ. ಅವು ಸೂರ್ಯೋದಯದ ಚಿತ್ರಕ್ಕೂ ಬೀಳುತ್ತವೆ. ನಿಮ್ಮ ಮಾತನ್ನು ಯಾರಾದರೂ ಎತ್ತಿಕೊಂಡು ಮುಂದುವರಿಸಿದರೆ ಹಿಡಿಸಿದೆ ಎಂದು ತಿಳಿಯಿರಿ. ಮೂರು ವಾರ ಯಾರೂ ಎತ್ತಿಕೊಳ್ಳದಿದ್ದರೆ ಸಾಲುಗಳು ಒಂದೇ ಅಚ್ಚಿನವಾಗಿವೆ ಎಂದು ಅರ್ಥ. ಆಗ ಬರೆಯುವ ಸರದಿಯನ್ನು ಬೇರೆಯವರಿಗೆ ಒಪ್ಪಿಸಿ. ನಮ್ಮಲ್ಲಿ ಕಳೆದ ವರ್ಷ ಹಾಗೆ ಮಾಡಿದಾಗ, ಸಭೆಗಳಲ್ಲಿ ಬಾಯಿ ತೆರೆಯದ ನಗದು ವಿಭಾಗದ ಹುಡುಗ ಬರೆದ ಪ್ರಿಂಟರಿನ ಸಾಲು ಎಲ್ಲರಿಗಿಂತ ಚೆನ್ನಾಗಿತ್ತು.

ಆ 15ನೇ ತಾರೀಖು ಹನ್ನೊಂದು ಗಂಟೆಗೆ ಧಾರವಾಡದಿಂದ ಬರುವ ಸಹೋದ್ಯೋಗಿಯೊಬ್ಬರು ಗುಂಪಿನಲ್ಲಿ ಬರೆದರು: ‘ಎಂಟು ಎದ್ದವು, ಎರಡು ಮಗ್ಗುಲು ಬದಲಿಸುತ್ತಿವೆ.’ ಮಗ್ಗುಲು ಬದಲಿಸುತ್ತಿದ್ದವುಗಳಲ್ಲಿ ತೆರಿಗೆಯ ದರ ತಪ್ಪಾಗಿತ್ತು. ಊಟದ ಹೊತ್ತಿಗೆ 23 ಆಗಿತ್ತು. ಸಂಜೆ ಐದೂವರೆಗೆ ಖರೀದಿ ನೋಡಿಕೊಳ್ಳುವವರಿಂದ ಬಂದದ್ದು ಹೀಗಿತ್ತು: ‘45 ಎದ್ದು ಮುಖ ತೊಳೆದು ಪುಸ್ತಕದಲ್ಲಿ ಕೂತಿವೆ. ಉಳಿದ ಒಂದಕ್ಕೆ ಜಿಎಸ್‌ಟಿ ಸಂಖ್ಯೆಯೇ ಇಲ್ಲ, ಅದು ಯಾರ ಮನೆಯದು ಎಂದು ನಾಳೆ ಫೋನ್ ಮಾಡಿ ಕೇಳೋಣ.’