ಮೊಟ್ಟೆ ಬಿಡುವ ಮೊದಲು ಅದರ ಕೆಲಸ ಏನಿತ್ತು ನೋಡಿ

ಕಳೆದ ಶ್ರಾವಣದಲ್ಲಿ ಮೂಡಿಗೆರೆಯಿಂದ ನಾದಿನಿಯ ಫೋನು. "ಅತ್ತಿಗೆ, ಕೇಕ್ ಚೆನ್ನಾಗೇ ಉಬ್ಬಿತ್ತು. ಹೊರಗೆ ತೆಗೆದು ನೋಡಿದ್ರೆ ನಡುವೆ ಬಾವಿ ಆಗಿದೆ!" ಅವಳ ಅತ್ತೆ ಆ ತಿಂಗಳು ಮೊಟ್ಟೆ ಮುಟ್ಟುವುದಿಲ್ಲ. ಅದಕ್ಕೆ ಕಿತ್ತಳೆ ಕೇಕಿನ ಮೂರು ಮೊಟ್ಟೆ ಬಿಟ್ಟು, ಮೊಟ್ಟೆಗೆ ಕಾಲು ಕಪ್ಪಿನಂತೆ ಮುಕ್ಕಾಲು ಕಪ್ ಮೊಸರು ಸುರಿದಿದ್ದಳು. ಮೇಲೆ ಧೈರ್ಯಕ್ಕೆ ಒಂದು ಟೀ ಚಮಚ ಅಡುಗೆ ಸೋಡಾ. ಇದೇ ಬಾವಿಯನ್ನು ಚಿಕ್ಕಮಗಳೂರಿನ ನಮ್ಮ ಬೀದಿಯಲ್ಲೇ ನಾಲ್ಕೈದು ಮನೆಗಳಲ್ಲಿ ನೋಡಿದ್ದೇನೆ. ಮೊಟ್ಟೆ ಅಲ್ಲಿ ಏನು ಮಾಡುತ್ತಿತ್ತು ಎಂದು ಯಾರೂ ನೋಡಿರಲಿಲ್ಲ, ಅಷ್ಟೇ.

1. ಮೊಟ್ಟೆಯನ್ನು ಏನು ಮಾಡಲು ಹೇಳಿದೆ, ಓದಿ

ಬನ್ನಿನ ಮೇಲೆ ಸವರಿ ಎಂದಿದ್ದರೆ ಅದು ಬರೀ ಬಣ್ಣ, ಹೊಳಪಿಗೆ. ಹಾಲು ಸವರಿ, ಮುಂದೆ ಹೋಗಿ.

ಕಟ್ಲೆಟ್‌ನಲ್ಲಿ ಎರಡು ಮೊಟ್ಟೆ ಇದ್ದರೆ ಎರಡಕ್ಕೂ ಬೇರೆ ಬೇರೆ ಕೆಲಸ. ಆಲೂಗಡ್ಡೆಯ ಜೊತೆ ಕಲಸುವ ಮೊಟ್ಟೆ ಪಲ್ಯವನ್ನು ಹಿಡಿದಿಡುತ್ತದೆ. ಆಲೂಗಡ್ಡೆ ನೀರಿಲ್ಲದಂತೆ ಬೆಂದಿದ್ದರೆ, ಒಂದು ಹಿಡಿ ಬ್ರೆಡ್ ಪುಡಿ ಸೇರಿಸಿದರೆ ಸಾಕು, ಅದರ ಬದಲು ಇನ್ನೇನೂ ಬೇಡ. ಹೊರಗೆ ಅದ್ದುವ ಮೊಟ್ಟೆ ಮಾತ್ರ ಬ್ರೆಡ್ ಪುಡಿಗೆ ಅಂಟು. ಅದನ್ನು ಬಿಟ್ಟರೆ ಪುಡಿಯೆಲ್ಲ ಎಣ್ಣೆಯಲ್ಲಿ ಉದುರಿ ಕರಟುತ್ತದೆ. ಮೈದಾವನ್ನು ನೀರುದೋಸೆ ಹಿಟ್ಟಿಗಿಂತ ತುಸು ಗಟ್ಟಿಯಾಗಿ ಕದಡಿ ಅದ್ದಿ.

ಕಸ್ಟರ್ಡ್‌ನಲ್ಲಿ ಮೊಟ್ಟೆ ಹಾಲನ್ನು ಗಟ್ಟಿ ಮಾಡುತ್ತದೆ. 1837ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಆಲ್ಫ್ರೆಡ್ ಬರ್ಡ್ ಎಂಬ ಔಷಧ ವ್ಯಾಪಾರಿ, ಹೆಂಡತಿಗೆ ಮೊಟ್ಟೆ ಒಗ್ಗದೆಂದು ಆ ಒಂದು ಕೆಲಸಕ್ಕೆ ಕಾರ್ನ್‌ಫ್ಲೋರ್ ಹಾಕಿ ನೋಡಿದ. ನಾವು ಇವತ್ತು ಫ್ರೂಟ್ ಸಲಾಡಿಗೆ ಕಲಸುವ ಕಸ್ಟರ್ಡ್ ಪುಡಿ ಹುಟ್ಟಿದ್ದು ಹಾಗೆ.

ಇನ್ನು, ಬಿಳಿ ಲೋಳೆಯನ್ನು ಬೇರೆ ಮಾಡಿ ಪಾತ್ರೆ ಬೋರಲು ಹಾಕಿದರೂ ಬೀಳದಷ್ಟು ನೊರೆ ಕಡೆಯಿರಿ ಎಂದಿದ್ದು, ಪಟ್ಟಿಯಲ್ಲಿ ಬೇಕಿಂಗ್ ಪೌಡರ್ ಇಲ್ಲದಿದ್ದರೆ, ಆ ಕೇಕ್ ನಿಂತಿರುವುದೇ ಮೊಟ್ಟೆಯ ಮೇಲೆ. ಅದಕ್ಕೆ ಕೈ ಹಾಕಬೇಡಿ, ಬೇರೆ ಕೇಕ್ ಆರಿಸಿ. ಪೇಟೆಯಲ್ಲಿ ಮೊಟ್ಟೆ ಬದಲಿಗೆಂದು ಪುಡಿ ಮಾರುತ್ತಾರಲ್ಲ, ಪೊಟ್ಟಣದ ಹಿಂಭಾಗ ಓದಿ. ಬಹುಪಾಲು ಪಿಷ್ಟ, ಜೊತೆಗೆ ಉಬ್ಬಿಸುವ ಪುಡಿ ಇರುತ್ತದೆ. ಅಂಥದ್ದು ಎಷ್ಟು ಕಡೆದರೂ ನೊರೆ ಬರುವುದಿಲ್ಲ. ದುಡ್ಡು ದಂಡ.

2. ಹಿಟ್ಟಿಗೆ ಎಷ್ಟು ಮೊಟ್ಟೆ, ಎಣಿಸಿ

ಒಂದು ಕಪ್ ಮೈದಾಕ್ಕೆ ಒಂದೋ ಅದಕ್ಕಿಂತ ಕಡಿಮೆಯೋ ಇದ್ದರೆ ನಿಶ್ಚಿಂತೆಯಿಂದ ಬಿಡಬಹುದು. ಒಂದೂವರೆ ಇದ್ದರೆ ಲೆಕ್ಕ ಹಾಕಿ ಬಿಡಬೇಕು. ಎರಡು ದಾಟಿದರೆ ನಾನು ಬಿಡುವುದಿಲ್ಲ. ನಾದಿನಿಯದು ಎರಡು ಕಪ್ ಮೈದಾಕ್ಕೆ ಮೂರು, ಅಂದರೆ ಲೆಕ್ಕ ಹಾಕಬೇಕಾದ ಕೇಕು.

3. ಲೆಕ್ಕ ಹಾಕುವುದು

ಎಲ್ಲರೂ ಜಾರುವುದು ಇಲ್ಲೇ, ನಿಧಾನವಾಗಿ ಓದಿ. ಅವಳ ಕೇಕಿನಲ್ಲಿ ಎರಡು ಕಪ್ ಮೈದಾ, ಒಂದು ಕಪ್ ಸಕ್ಕರೆ, 125 ಗ್ರಾಂ ಬೆಣ್ಣೆ, ಅರ್ಧ ಕಪ್ ಹಾಲು, ಎರಡು ಟೀ ಚಮಚ ಬೇಕಿಂಗ್ ಪೌಡರ್, ಕಿತ್ತಳೆ ಸಿಪ್ಪೆಯ ತುರಿ, ಮೂರು ಮೊಟ್ಟೆ.

ಚಿಪ್ಪು ಬಿಟ್ಟರೆ ಒಂದು ಮೊಟ್ಟೆ ಸುಮಾರು 50 ಗ್ರಾಂ. ಅದರಲ್ಲಿ ಮುಕ್ಕಾಲು ಪಾಲು ನೀರೇ. ಮೂರು ಮೊಟ್ಟೆ ತೆಗೆದರೆ ಹೋಗುವ ನೀರು 110 ಗ್ರಾಂ ಚಿಲ್ಲರೆ, ಕೊಬ್ಬು 15 ಗ್ರಾಂ, ಪ್ರೋಟೀನು 19 ಗ್ರಾಂ. ಮುಕ್ಕಾಲು ಕಪ್ ಮೊಸರಿನಲ್ಲಿ 150 ಗ್ರಾಂ ದಾಟಿ ನೀರಿದೆ. ಅಂದರೆ ಮೊದಲ ತಪ್ಪು, ನೀರು ಹೆಚ್ಚಾಯಿತು. ಅರ್ಧ ಕಪ್ ಗಟ್ಟಿ ಮೊಸರು ಸಾಕಿತ್ತು. ಕೊಬ್ಬಿಗೆ ಒಂದು ದೊಡ್ಡ ಚಮಚ ಎಣ್ಣೆ.

ಉಳಿದದ್ದು ಪ್ರೋಟೀನು, ಬಾವಿ ತೋಡಿದ್ದು ಅದೇ. ನಂಬಿಕೆ ಬರದಿದ್ದರೆ ಕಾವಲಿಯನ್ನು ಸಣ್ಣ ಉರಿಯಲ್ಲಿಟ್ಟು ಒಂದು ಬದಿಗೆ ಒಂದು ಚಮಚ ಕಲಕಿದ ಮೊಟ್ಟೆ, ಇನ್ನೊಂದು ಬದಿಗೆ ಒಂದು ಚಮಚ ಮೊಸರು ಬಿಡಿ. ಮೊಟ್ಟೆ ನೋಡನೋಡುತ್ತಲೇ ಬಿಗಿದು, ಅಂಚು ಹಿಡಿದು ಎತ್ತುವ ಹಾಳೆಯಾಗುತ್ತದೆ. ಮೊಸರು ಒಡೆದು, ಪುಡಿಪುಡಿ ಗಟ್ಟಿ ಒಂದು ಕಡೆ, ಹಳದಿ ನೀರು ಒಂದು ಕಡೆ ಹರಿಯುತ್ತದೆ. ಓವನ್ನಿನೊಳಗೂ ಇದೇ ಕತೆ. ಹಿಟ್ಟಿನಲ್ಲಿ ಗುಳ್ಳೆಗಳು ಏಳುವ ಹೊತ್ತಿಗೆ ಮೊಟ್ಟೆ ಅವುಗಳ ಸುತ್ತ ಬಿಗಿದು ಗೋಡೆಯಾಗುತ್ತದೆ. ಮೊಟ್ಟೆ ಇಲ್ಲದಿದ್ದರೆ ಆ ಗೋಡೆಗೆ ಮೈದಾದ ಪಿಷ್ಟವನ್ನೇ ನಂಬಬೇಕು. ನಡುಭಾಗ ಬೇಯುವುದು ಕೊನೆಗೆ. ಪಿಷ್ಟ ಅಲ್ಲಿ ಬೆಂದು ನಿಲ್ಲುವ ಮೊದಲೇ ಗುಳ್ಳೆಗಳು ಒಡೆದಿರುತ್ತವೆ. ಆದ್ದರಿಂದಲೇ ಅಂಚು ಮೇಲೆ, ನಡು ಕೆಳಗೆ.

ಈ ಕೆಲಸ ಮಾಡುವ ಬದಲಿ ಸಾಮಾನು ನಮ್ಮ ಅಡುಗೆಮನೆಯಲ್ಲಿ ಇಲ್ಲ. ಅಗಸೆ ಪುಡಿ ನೆನೆಸಿದ ಲೋಳೆ ಬಿಸ್ಕತ್ತಿನ ಹಿಟ್ಟನ್ನು ಹಿಡಿದಿಡುತ್ತದೆ, ನಿಜ. ಕೇಕಿಗೆ ಮೂರು ಮೊಟ್ಟೆಯಷ್ಟು ಹಾಕಿದರೆ ತಳದಲ್ಲಿ ಹಲ್ಲಿಗೆ ಅಂಟುವ ಪದರ ಕೂರುತ್ತದೆ. ನನಗಂತೂ ಆಗದು. ಹಾಗಾಗಿ ಪದಾರ್ಥ ಬದಲಿಸುವ ಬದಲು ಟಿನ್ ಬದಲಿಸಿ. ಆಳದ ಟಿನ್ ಬಿಟ್ಟು ಅಗಲದ್ದು ತೆಗೆದುಕೊಳ್ಳಿ, ಅಥವಾ ಹಿಟ್ಟನ್ನು ಎರಡು ಟಿನ್ನಿಗೆ ಹಂಚಿ. ಹಿಟ್ಟಿನ ಎತ್ತರ ಒಂದೂವರೆ ಇಂಚು ದಾಟದಿದ್ದರೆ ನಡುಭಾಗಕ್ಕೂ ಬೇಗ ಕಾವು ಮುಟ್ಟಿ, ಕುಸಿಯುವ ಮೊದಲೇ ನಿಲ್ಲುತ್ತದೆ.

4. ಸೋಡಾ ಅಳೆದು ಹಾಕಿ

ಅರ್ಧ ಕಪ್ ಮೊಸರಿನ ಹುಳಿ ಕಾಲು ಟೀ ಚಮಚ ಸೋಡಾವನ್ನು ಕರಗಿಸಿಕೊಳ್ಳುತ್ತದೆ. ಅದಕ್ಕಿಂತ ಹೆಚ್ಚಾದದ್ದು ಹಾಗೆಯೇ ಉಳಿದು, ಕೇಕ್ ಕೆಂಪಗಾಗಿ ಸೋಪಿನ ರುಚಿ ಬರುತ್ತದೆ. ನಾದಿನಿಯ ಕೇಕ್ ಮುರಿದು ಮೂಸಿದರೇ ಗೊತ್ತಾಗುತ್ತಿತ್ತು. ಸೋಡಾ ಹಾಕಿದ ಮೇಲೆ ಬೇಕಿಂಗ್ ಪೌಡರ್ ಒಂದೂವರೆ ಟೀ ಚಮಚಕ್ಕೆ ಇಳಿಸಿ. ಚಿಕ್ಕಮಗಳೂರು ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಮೇಲಿದೆ. ಗಾಳಿಯ ಒತ್ತಡ ಕಡಿಮೆಯಾದ್ದರಿಂದ ಮಂಗಳೂರಿನಲ್ಲಿ ಉಬ್ಬುವುದಕ್ಕಿಂತ ಇಲ್ಲಿ ತುಸು ಹೆಚ್ಚೇ ಉಬ್ಬುತ್ತದೆ, ಉಬ್ಬಿದಷ್ಟೂ ಕುಸಿಯುವ ಭಯ.

5. ಕಲಸಿ, ಬೇಯಿಸಿ

ಮೊಟ್ಟೆಯ ಜೊತೆ ಕಡೆದಾಗ ಸೇರುತ್ತಿದ್ದ ಗಾಳಿ ಈಗಿಲ್ಲ, ಆದ್ದರಿಂದ ಬೆಣ್ಣೆ ಸಕ್ಕರೆಯನ್ನು ಬೆಳ್ಳಗೆ ಹಗುರಾಗುವವರೆಗೆ ಕಡೆಯಿರಿ. ಎಣ್ಣೆ, ತಣ್ಣಗಿಲ್ಲದ ಮೊಸರು, ಹಾಲು, ತುರಿ ಸೇರಿಸಿ. ಫ್ರಿಜ್ಜಿನ ಮೊಸರು ಹಾಕಿದರೆ ಬೆಣ್ಣೆ ಗಂಟಾಗಿ ಹಿಟ್ಟು ಒಡೆಯುತ್ತದೆ. ಮೊಟ್ಟೆಯ ಹಳದಿ ಇದ್ದಿದ್ದರೆ ಎಣ್ಣೆ ನೀರನ್ನು ಕೂಡಿಸಿಡುತ್ತಿತ್ತು, ಈಗ ಆ ಆಸರೆ ಇಲ್ಲ. ಹಾಲಿನ ಬದಲು ಕಿತ್ತಳೆ ರಸ ಸುರಿಯಬೇಡಿ, ಹುಳಿಯ ಲೆಕ್ಕವೆಲ್ಲ ತಪ್ಪುತ್ತದೆ. ಜರಡಿ ಹಿಡಿದ ಮೈದಾ, ಬೇಕಿಂಗ್ ಪೌಡರ್, ಸೋಡಾ ಕೊನೆಗೆ. ಒಣ ಹಿಟ್ಟು ಕಾಣದಷ್ಟು ಮಾತ್ರ ಕಲಸಿ, ಮೊದಲೇ ಕಾದ 180 ಡಿಗ್ರಿ ಓವನ್ನಿಗೆ ತಕ್ಷಣ ಇಡಿ. ಸೋಡಾ ಮೊಸರು ಮುಟ್ಟಿದ ಕೂಡಲೇ ಕೆಲಸ ಶುರು ಮಾಡುತ್ತದೆ, ನಿಮ್ಮ ಫೋನ್ ಮಾತು ಮುಗಿಯುವವರೆಗೆ ಕಾಯುವುದಿಲ್ಲ. ಅರ್ಧ ಗಂಟೆಯ ನಂತರ ನಡುವೆ ಕಡ್ಡಿ ಚುಚ್ಚಿ ನೋಡಿ, ಅದಕ್ಕೆ ಮೊದಲು ಬಾಗಿಲು ತೆಗೆಯಬೇಡಿ.

ಬಿಸಿಯಲ್ಲೇ ಕೊಯ್ಯಬೇಡಿ. ಪಿಷ್ಟ ಆರಿದ ಮೇಲೆಯೇ ಗಟ್ಟಿಯಾಗುವುದು, ಒಂದು ಗಂಟೆಯಾದರೂ ಬಿಡಿ. ನಾದಿನಿ ಮುಂದಿನ ಶನಿವಾರ ಎರಡು ಟಿನ್ನಿನಲ್ಲಿ ಮಾಡಿದಳು. ಒಂದನ್ನು ಮಕ್ಕಳು ಕಾಯದೆ ಬಿಸಿಬಿಸಿಯಾಗಿ ಮುರಿದರಂತೆ, ಪುಡಿಪುಡಿ. ಇನ್ನೊಂದು ಆರುವವರೆಗೆ ಅತ್ತೆಯ ಕೋಣೆಯ ಬೀರುವಿನ ಮೇಲಿತ್ತು. ಅದನ್ನು ಚಾಕುವಿನಲ್ಲಿ ಹೆರೆದು ತೆಗೆದ ಹಾಗೆ ನೀಟಾಗಿ ಕೊಯ್ಯಲು ಬಂತು.