ಎಂ.ಟೆಕ್‌ನಲ್ಲಿದ್ದಾಗಲೇ ಎಸಿಎಲ್‌ಗೆ ಪೇಪರ್: ಹೇಗೆ ಹೋದೆ, ಎಷ್ಟು ಖರ್ಚಾಯ್ತು

ತಿಂಗಳಿಗೆ 12,400 ರೂಪಾಯಿ ಗೇಟ್ ಸ್ಟೈಪೆಂಡ್. ಅಷ್ಟರಲ್ಲಿ ಎಸಿಎಲ್‌ಗೆ, ಅಂದರೆ ಕಂಪ್ಯೂಟರ್‌ಗೆ ಮನುಷ್ಯರ ಭಾಷೆ ಕಲಿಸುವ ಸಂಶೋಧನೆಯ ದೊಡ್ಡ ಅಂತರರಾಷ್ಟ್ರೀಯ ಸಮ್ಮೇಳನಕ್ಕೆ, ಹೋಗೋದು ಆಗದ ಮಾತು ಎಂದು ನಮ್ಮ ಲ್ಯಾಬ್‌ನಲ್ಲಿ ಎಲ್ಲರೂ ಹೇಳಿದ್ದರು. 2024ರ ಆಗಸ್ಟ್‌ನಲ್ಲಿ ಬ್ಯಾಂಕಾಕ್‌ನಲ್ಲಿ ಪೋಸ್ಟರ್ ಮುಂದೆ ನಿಂತಿದ್ದೆ. ಎಲ್ಲ ಕಳೆದು ಕೂಡಿ ನನ್ನ ಕೈಯಿಂದ ಹೋಗಿದ್ದು ಹನ್ನೆರಡು ಸಾವಿರದ ಆಸುಪಾಸು. ಹೇಗೆ ಅಂತ ಜೂನಿಯರ್‌ಗಳು ಕೇಳುತ್ತಲೇ ಇರುತ್ತಾರೆ. ಅದಕ್ಕೆ ಬರೆಯುತ್ತಿದ್ದೇನೆ.

ನಮ್ಮ ಗೈಡ್ ಒಳ್ಳೆಯವರು. ಆದರೆ ಪೇಪರ್ ವಿಷಯ ಬಂದಾಗ ಅವರ ಸಲಹೆ ಒಂದೇ. "ಸ್ಕೋಪಸ್ ಪಟ್ಟಿಯಲ್ಲಿರೋ ಒಂದು ಕಾನ್ಫರೆನ್ಸ್ ನೋಡಪ್ಪಾ, ಎಂಟೋ ಹತ್ತೋ ಸಾವಿರ ಕಟ್ಟು, ಪೇಪರ್ ಆಗತ್ತೆ, ಮುಗೀತು." ಕೋರ್ಸ್ ಮುಗಿಸೋಕೆ ಅಷ್ಟು ಸಾಕು. ಪಿಎಚ್‌ಡಿ ಅರ್ಜಿಗೆ ಸಾಲದು. ಈ ಕ್ಷೇತ್ರದಲ್ಲಿ, ಅಂದರೆ ಎನ್‌ಎಲ್‌ಪಿಯಲ್ಲಿ, ಕೆಲಸ ಮಾಡುವ ಪ್ರೊಫೆಸರ್‌ಗಳು ಮೊದಲು ನೋಡುವುದು ಎಸಿಎಲ್ ಆಂಥಾಲಜಿಯನ್ನು, ಅಂದರೆ ಇಂಥ ಸಮ್ಮೇಳನಗಳ ಪೇಪರ್‌ಗಳು ಸಿಗುವ ಆನ್‌ಲೈನ್ ಸಂಗ್ರಹವನ್ನು. ಅಲ್ಲಿ ಹೆಸರಿದ್ದರೆ ಅವರೇ ಪೇಪರ್ ತೆರೆದು ಓದುತ್ತಾರೆ. ಆಂಥಾಲಜಿ ಓದುವವರಿಗೆ ಉಚಿತ, ಪೇಪರ್ ಹಾಕಿದವರು ಪುಟಕ್ಕಿಷ್ಟು ಎಂದು ಕಟ್ಟಬೇಕಾಗಿಲ್ಲ. ದೊಡ್ಡ ಖರ್ಚು ನೋಂದಣಿ ಮತ್ತು ಪ್ರಯಾಣ ಮಾತ್ರ. ಆ ಹತ್ತು ಸಾವಿರವನ್ನು ವಿಮಾನದ ಟಿಕೆಟ್‌ಗೇ ಹಾಕುತ್ತೇನೆ ಎಂದು ಆಗಲೇ ತೀರ್ಮಾನಿಸಿದೆ.

ನನ್ನ ವಿಷಯ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ. ಯೂಟ್ಯೂಬ್ ಕಾಮೆಂಟ್‌ಗಳಲ್ಲಿ ನಮ್ಮ ಜನ ಬರೆಯುತ್ತಾರಲ್ಲ, ಅದು. `madtini`, `maadthini`, `madtheeni` ಎಲ್ಲವೂ ಒಂದೇ ಪದ. ಮಾಡೆಲ್ ಒಂದು ಕಾಗುಣಿತವನ್ನು ಸರಿಯಾಗಿ ಹಿಡಿಯುತ್ತದೆ, ಇನ್ನೊಂದಕ್ಕೆ ಎಡವುತ್ತದೆ. ಕಾಗುಣಿತ ಬದಲಾದರೆ ಭಾವ ವರ್ಗೀಕರಣ, ಅಂದರೆ ಕಾಮೆಂಟ್ ಹೊಗಳಿಕೆಯೋ ತೆಗಳಿಕೆಯೋ ಎಂದು ಗುರುತಿಸುವುದು, ಎಷ್ಟು ಕೆಡುತ್ತದೆ ಎಂದು ಅಳೆಯುವುದಷ್ಟೇ ನನ್ನ ಪ್ರಶ್ನೆ. ಹೊಸ ಮಾಡೆಲ್ ಕಟ್ಟಲಿಲ್ಲ. ಮಾಡೆಲ್ ಓಡಿಸಲು ನನಗಿದ್ದ ಜಿಪಿಯು ಅಂದರೆ ಕ್ಯಾಗಲ್ ಜಾಲತಾಣದಲ್ಲಿ ವಾರಕ್ಕೆ ಪುಕ್ಕಟೆ ಸಿಗುವ ಮೂವತ್ತು ಗಂಟೆ, ಅಷ್ಟೇ.

ಮೊದಲು ಇದನ್ನು ಒಂದು ವರ್ಕ್‌ಶಾಪ್‌ಗೆ ಕಳಿಸಿದೆ. ರಿಜೆಕ್ಟ್. ವಿಮರ್ಶಕರೊಬ್ಬರು "ಮಾಡೆಲ್‌ಗಳ ಪಟ್ಟಿ ಇದೆ, ಪ್ರಶ್ನೆ ಕಾಣುವುದಿಲ್ಲ" ಎಂಬ ಅರ್ಥದಲ್ಲಿ ಬರೆದಿದ್ದರು. ಇನ್ನೊಬ್ಬರ ತಕರಾರು ಲೇಬಲ್ ಹಾಕಿದವರು ಒಬ್ಬರೇ ಎಂಬುದು. ಎರಡನೆಯದನ್ನು ದುಡ್ಡಿನಿಂದ ಸರಿಮಾಡಬಹುದಿತ್ತು. ಹಾಸ್ಟೆಲ್‌ನ ಇಬ್ಬರು ಹುಡುಗರಿಗೆ ಕಾಮೆಂಟ್‌ಗೆ ಒಂದು ರೂಪಾಯಿಯಂತೆ ಕೊಟ್ಟು ಎರಡು ಸಾವಿರ ಚಿಲ್ಲರೆ ಕಾಮೆಂಟ್‌ಗಳಿಗೆ ಮತ್ತೆ ಲೇಬಲ್ ಹಾಕಿಸಿದೆ. ಒಬ್ಬ ಮಂಡ್ಯದವನು, ಇನ್ನೊಬ್ಬ ಹುಬ್ಬಳ್ಳಿಯವನು. ಇಬ್ಬರ ಲೇಬಲ್‌ಗಳು ಎಷ್ಟು ಹೊಂದುತ್ತವೆ ಎಂದು ಅಳೆಯುವ ಕಪ್ಪಾ ಮೌಲ್ಯ 0.7ರ ಹತ್ತಿರ ಬಂತು. ಭಿನ್ನಾಭಿಪ್ರಾಯ ಜಾಸ್ತಿ ಇದ್ದದ್ದು ಬೈಗುಳದಂತೆ ಕಂಡರೂ ಮೆಚ್ಚುಗೆಯಾಗಿರುವ ಕಾಮೆಂಟ್‌ಗಳಲ್ಲಿ. ಆ ಭಾಗವೇ ಮುಂದೆ ಪೇಪರ್‌ನ ಅತ್ಯುತ್ತಮ ಪ್ಯಾರಾ ಆಯಿತು.

ಮೊದಲ ತಕರಾರಿಗೆ ದಾರಿ ಸಿಕ್ಕಿದ್ದು ಎಸಿಎಲ್‌ನ ಸ್ಟೂಡೆಂಟ್ ರಿಸರ್ಚ್ ವರ್ಕ್‌ಶಾಪ್‌ನಲ್ಲಿ. ಮಾಸ್ಟರ್ಸ್ ಓದುವವರು ಇದನ್ನು ಯಾಕೆ ಬಿಟ್ಟುಬಿಡುತ್ತಾರೋ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಮೊದಲ ಲೇಖಕ ವಿದ್ಯಾರ್ಥಿಯೇ ಆಗಿರಬೇಕು. ಹಾಗಾಗಿ ದೊಡ್ಡ ಲ್ಯಾಬ್‌ನ ಹಿರಿಯರ ಜೊತೆ ಪೈಪೋಟಿ ಇಲ್ಲ. ಪೇಪರ್ ಸಲ್ಲಿಸುವ ಮೊದಲೇ ಕರಡು ಕಳಿಸಿದರೆ ಅನುಭವಿ ಸಂಶೋಧಕರೊಬ್ಬರು ಓದಿ ಸಲಹೆ ಕೊಡುತ್ತಾರೆ. ಇದಕ್ಕೆ ಬೇರೆಯದೇ ಗಡುವು, ಸಲ್ಲಿಕೆಗಿಂತ ಸಾಕಷ್ಟು ಮುಂಚೆ. ಬಹಳ ಜನ ಸಲ್ಲಿಕೆಯ ಗಡುವನ್ನಷ್ಟೇ ನೋಡಿಕೊಂಡು ಇದನ್ನು ಕಳೆದುಕೊಳ್ಳುತ್ತಾರೆ.

ನನ್ನ ಕರಡು ಓದಿದವರು ಹೇಳಿದ್ದು ಮೂರೇ ಮಾತು. ಆರು ಮಾಡೆಲ್‌ಗಳಲ್ಲಿ ನಾಲ್ಕನ್ನು ತೆಗೆ. ತಪ್ಪುಗಳ ವಿಶ್ಲೇಷಣೆಯನ್ನು ಕೊನೆಯಿಂದ ಎರಡನೇ ಪುಟಕ್ಕೆ ತಾ. ಒಂದೇ ವಾಕ್ಯವನ್ನು ಐದು ಕಾಗುಣಿತದಲ್ಲಿ ಬರೆದು ಉತ್ತರ ಎಷ್ಟು ಸಲ ಬದಲಾಗುತ್ತದೆ ಎಂದು ತೋರಿಸು. ಮೂರನೆಯದಕ್ಕೆ ಎರಡು ವಾರ ಹಿಡಿಯಿತು. ಆ ಕೋಷ್ಟಕದಿಂದಲೇ ಪೇಪರ್ ಪಾಸಾಯಿತು ಎಂದು ನನ್ನ ನಂಬಿಕೆ.

ನಡುವೆ ಒಂದು ಪ್ರಯೋಗ ಮಾಡಿದ್ದೆ, ಹೇಳಿಬಿಡುತ್ತೇನೆ. ಎಲ್ಲ ಕಾಮೆಂಟ್‌ಗಳನ್ನೂ ಮೊದಲು ಕನ್ನಡ ಲಿಪಿಗೆ ತಿರುಗಿಸಿ ಆಮೇಲೆ ಭಾರತೀಯ ಭಾಷೆಗಳಿಗಾಗಿ ಕಟ್ಟಿದ ಮ್ಯೂರಿಲ್ ಮಾಡೆಲ್‌ಗೆ ಕೊಟ್ಟೆ. ಫಲಿತಾಂಶ ಏರುತ್ತದೆ ಅಂದುಕೊಂಡಿದ್ದೆ, ಸ್ವಲ್ಪ ಇಳಿಯಿತು. ಮ್ಯೂರಿಲ್‌ಗೆ ತರಬೇತಿಯಲ್ಲೇ ರೋಮನ್ ಲಿಪಿಗೆ ತಿರುಗಿಸಿದ ಪಠ್ಯವನ್ನೂ ಕೊಟ್ಟಿದ್ದಾರೆ. ನಾನು ಲಿಪಿ ತಿರುಗಿಸುವಾಗ `super`, `waste` ತರಹದ ಇಂಗ್ಲಿಷ್ ಪದಗಳೂ ಕನ್ನಡ ಲಿಪಿಗೆ ಹೋಗಿ ಕೆಟ್ಟವು. ಇಂಗ್ಲಿಷ್ ಪದಗಳನ್ನು ಮೊದಲೇ ಗುರುತಿಸಿ ಬಿಟ್ಟರೆ ಬೇರೆ ಫಲಿತಾಂಶ ಬರುತ್ತದೆ. ಅದರ ಮೇಲೆ ಈಗ ಬರೆಯುತ್ತಿದ್ದೇನೆ, ಸಂಖ್ಯೆಗಳನ್ನು ಇಲ್ಲಿ ಹಾಕುವುದಿಲ್ಲ.

ಈಗ ದುಡ್ಡು. ನಿಜವಾದ ಕಷ್ಟ ಇರುವುದು ಸಮಯದಲ್ಲಿ. ಪೇಪರ್ ಒಪ್ಪಿಗೆ ಬರುವುದಕ್ಕೂ ಸಮ್ಮೇಳನಕ್ಕೂ ನಡುವೆ ಸಿಗುವುದು ಕೆಲವೇ ವಾರ. ನಮ್ಮ ದೇಶದ ಎಷ್ಟೋ ಪ್ರಯಾಣ ಅನುದಾನಗಳು ಒಪ್ಪಿಗೆ ಪತ್ರ ಕೇಳುತ್ತವೆ, ಅದರ ಜೊತೆಗೆ ತಿಂಗಳುಗಳ ಮುಂಚೆ ಅರ್ಜಿಯನ್ನೂ ಕೇಳುತ್ತವೆ. ಎರಡೂ ಒಟ್ಟಿಗೆ ಕೂಡಿ ಬರುವುದೇ ಇಲ್ಲ. ಅಂಥ ಒಂದು ಕಡೆ ಅರ್ಜಿ ಹಾಕಿದೆ, ತಡವಾಯಿತೆಂದು ತಿರುಗಿಸಿದರು. ಇನ್ನೊಂದು ಕಡೆ ಪಿಎಚ್‌ಡಿಯವರಿಗೆ ಮೊದಲ ಆದ್ಯತೆ ಎಂದರು.

ಹಾಗಾಗಿ ಸಮ್ಮೇಳನ ಆರಿಸುವಾಗಲೇ ಖರ್ಚನ್ನು ನೋಡಿದ್ದೆ. ಆ ವರ್ಷ ಭಾರತೀಯರಿಗೆ ಥಾಯ್ಲೆಂಡ್ ವೀಸಾ ಬೇಕಿರಲಿಲ್ಲ. ಬೆಂಗಳೂರಿನಿಂದ ನೇರ ವಿಮಾನ ಇದೆ. ನನ್ನ ಗೆಳೆಯನೊಬ್ಬನ ಪೇಪರ್ ಯುರೋಪಿನಲ್ಲಿ ಪಾಸಾಗಿತ್ತು. ಶೆಂಗೆನ್ ವೀಸಾಕ್ಕೆ ಬ್ಯಾಂಕ್ ಬ್ಯಾಲೆನ್ಸ್ ತೋರಿಸಿದ, ಶುಲ್ಕಕ್ಕೆ ದುಡ್ಡು ಇಟ್ಟುಕೊಂಡ, ಆದರೆ ಅಪಾಯಿಂಟ್‌ಮೆಂಟ್ ಸಿಗಲಿಲ್ಲ. ಪಾಪ, ಕೊನೆಗೆ ಹಾಸ್ಟೆಲ್ ರೂಮಿನಿಂದಲೇ ಆನ್‌ಲೈನ್‌ನಲ್ಲಿ ಮಂಡಿಸಿದ. ಪೇಪರ್ ಪ್ರಕಟವಾಯಿತು, ಆದರೆ ಮನುಷ್ಯರನ್ನು ಭೇಟಿಯಾಗುವ ಲಾಭ ಹೋಯಿತು.

ನನ್ನ ಲೆಕ್ಕ ಹೀಗಿತ್ತು. ವಿಮಾನ ಹೋಗಿಬರಲು 22 ಸಾವಿರದ ಹತ್ತಿರ. ವಿದ್ಯಾರ್ಥಿ ನೋಂದಣಿ 20 ಸಾವಿರಕ್ಕೂ ಮೇಲೆ. ತಮಿಳುನಾಡಿನ ಒಬ್ಬ ವಿದ್ಯಾರ್ಥಿ ಜೊತೆ ಹಂಚಿಕೊಂಡ ರೂಮಿಗೆ ನನ್ನ ಪಾಲು ಒಂಬತ್ತು-ಹತ್ತು ಸಾವಿರ. ಊಟ, ಮೆಟ್ರೊ, ವಿಮೆ ಸೇರಿ ಎಂಟು-ಒಂಬತ್ತು ಸಾವಿರ. ಪೋಸ್ಟರ್ 1,500. ಒಟ್ಟು 65 ಸಾವಿರದ ಆಸುಪಾಸು. ಪೋಸ್ಟರನ್ನು ಬಟ್ಟೆಯ ಮೇಲೆ ಪ್ರಿಂಟ್ ಹಾಕಿಸಿ. ಶರ್ಟಿನ ಹಾಗೆ ಮಡಚಿ ಬ್ಯಾಗಲ್ಲಿಡಬಹುದು, ಕೊಳವೆ ಹೊತ್ತು ತಿರುಗುವ ಗೋಳಿಲ್ಲ.

ಮೊದಲು ಇಳಿದದ್ದು ನೋಂದಣಿ. ಇಂಥ ಸಮ್ಮೇಳನಗಳಲ್ಲಿ ವಿದ್ಯಾರ್ಥಿ ಸ್ವಯಂಸೇವಕರಿಗೆ ನೋಂದಣಿ ಶುಲ್ಕ ಮನ್ನಾ. ನೋಂದಣಿ ಮೇಜಿನಲ್ಲಿ ಕೂರುವುದು, ಭಾಷಣದ ಕೊಠಡಿಯಲ್ಲಿ ಮೈಕ್ ಕೊಡುವುದು, ಇಷ್ಟೇ ಕೆಲಸ. ಪೇಪರ್ ಫಲಿತಾಂಶಕ್ಕೆ ಕಾಯದೆ ಈ ಅರ್ಜಿ ಹಾಕಿದೆ. ಒಪ್ಪಿಗೆ ಬಂದ ಮೇಲೆ ಹಾಕೋಣ ಎಂದು ಕೂತವರಿಗೆ ಬಾಗಿಲು ಮುಚ್ಚಿರುತ್ತದೆ. ಪೇಪರ್ ಬರದಿದ್ದರೆ ಬೇಡ ಎನ್ನಬಹುದು, ಯಾರೂ ಬೈಯುವುದಿಲ್ಲ.

ಎರಡನೆಯದು ವಿದ್ಯಾರ್ಥಿ ವರ್ಕ್‌ಶಾಪ್‌ನ ಪ್ರಯಾಣ ಸಹಾಯ. ಇಲ್ಲಿ ಪತ್ರವೇ ಮುಖ್ಯ. ಹೆಚ್ಚಿನವರು "ನನಗೆ ಆರ್ಥಿಕ ತೊಂದರೆ ಇದೆ" ಎಂದು ಬರೆದು ನಿಲ್ಲಿಸುತ್ತಾರೆ. ನಾನು ಖರ್ಚಿನ ಪಟ್ಟಿ ಹಾಕಿದೆ. ಇದರಲ್ಲಿ ನೋಂದಣಿ ಮನ್ನಾ ಆಗಿದೆ, ಕಾಲೇಜು ಎಂಟು ಸಾವಿರ ಕೊಡುತ್ತದೆ, ಹನ್ನೆರಡು ಸಾವಿರ ನಾನು ಹಾಕುತ್ತೇನೆ, ಉಳಿದ ಇಪ್ಪತ್ತಮೂರು ಸಾವಿರ ಸಿಕ್ಕರೆ ಬರುತ್ತೇನೆ ಎಂದು ಬರೆದೆ. ಕೊಡುವವರಿಗೆ ತಮ್ಮ ದುಡ್ಡಿನಿಂದ ಒಬ್ಬ ವಿದ್ಯಾರ್ಥಿ ನಿಜವಾಗಿ ಬರುತ್ತಾನೋ ಇಲ್ಲವೋ ಎಂಬ ಚಿಂತೆ ಇರುತ್ತದೆ. ಅದಕ್ಕೆ ಉತ್ತರ ಪಟ್ಟಿಯಲ್ಲೇ ಇತ್ತು. ಕೇಳಿದ್ದಕ್ಕೆ ತೀರಾ ಹತ್ತಿರದ ಮೊತ್ತ ಸಿಕ್ಕಿತು. ಆ ಪತ್ರದ ಎರಡನೇ ಪ್ಯಾರಾ ಮಾತ್ರ ನನ್ನ ಹತ್ತಿರವೇ ಇರಲಿ. ಅದನ್ನು ಈ ವರ್ಷ ಇನ್ನೊಂದು ಕಡೆ ಬಳಸಬೇಕು.

ಅನುದಾನ ಮಂಜೂರಾಯಿತು ಅಂದರೆ ದುಡ್ಡು ಕೈಗೆ ಬಂತು ಎಂದಲ್ಲ. ಬಹುಪಾಲು ಕಡೆ ಮೊದಲು ನೀವು ಖರ್ಚು ಮಾಡಿ, ಆಮೇಲೆ ರಸೀದಿ ಕಳಿಸಬೇಕು. ನಲವತ್ತು ಸಾವಿರ ನಾನು ಮೊದಲೇ ಹೊಂದಿಸಬೇಕಾಯಿತು. ಅಕ್ಕನ ಹತ್ತಿರ ಇಸ್ಕೊಂಡೆ. ಕ್ರೆಡಿಟ್ ಕಾರ್ಡಿನಲ್ಲಿ ವಿದೇಶಿ ಪಾವತಿಗೆ ಸುಮಾರು 3.5 ಶೇಕಡಾ ಜಾಸ್ತಿ ಹೋಗುತ್ತದೆ, ಅದನ್ನು ಯಾರೂ ತುಂಬಿಕೊಡುವುದಿಲ್ಲ. ಬೋರ್ಡಿಂಗ್ ಪಾಸ್ ಎರಡು ಕಡೆಯದ್ದೂ ಇಟ್ಟುಕೊಳ್ಳಿ. ಸರ್ಕಾರದ ದುಡ್ಡಿನಲ್ಲಿ ಹೋಗುವುದಾದರೆ ಇನ್ನೊಂದು ಎಚ್ಚರ. 2022ರಿಂದ ಅಂಥ ಟಿಕೆಟ್‌ಗಳನ್ನು ಬಾಮರ್ ಲಾರಿ, ಅಶೋಕ್ ಟ್ರಾವೆಲ್ಸ್, ಐಆರ್‌ಸಿಟಿಸಿ ಈ ಮೂರರಲ್ಲೇ ಬುಕ್ ಮಾಡಬೇಕೆಂಬ ನಿಯಮ ಇದೆ. ಬೇರೆ ಆ್ಯಪ್‌ನಲ್ಲಿ ಸಾವಿರ ರೂಪಾಯಿ ಅಗ್ಗಕ್ಕೆ ಸಿಕ್ಕಿತೆಂದು ತೆಗೆದುಕೊಂಡರೆ ಪೂರ್ತಿ ಬಿಲ್ಲೇ ವಾಪಸ್ ಬರಬಹುದು. ನಮ್ಮ ಪಕ್ಕದ ವಿಭಾಗದ ಒಬ್ಬರಿಗೆ ಹಾಗೇ ಆಯಿತು.

ನನ್ನ ದುಡ್ಡು ತಿಂಗಳುಗಟ್ಟಲೆ ನಿಂತದ್ದು ಹೆಸರಿನಿಂದ. ನಮ್ಮ ಕಡೆಯವರಿಗೆ ಇದು ಗೊತ್ತಿರಲೇಬೇಕು. ಅಂಕಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಎರಡು ಇನಿಷಿಯಲ್, ಬ್ಯಾಂಕ್ ಖಾತೆಯಲ್ಲೂ ಅದೇ. ಪಾಸ್‌ಪೋರ್ಟಿನಲ್ಲಿ ಊರಿನ ಹೆಸರು, ಅಪ್ಪನ ಹೆಸರು ಪೂರ್ತಿ ಬಿಡಿಸಿ ಬರೆದಿದೆ. ಹಣ ಕಳಿಸಿದವರ ಅರ್ಜಿಯಲ್ಲಿ ಇದ್ದದ್ದು ಪಾಸ್‌ಪೋರ್ಟ್ ಹೆಸರು. ಹೆಸರು ಹೊಂದಲಿಲ್ಲವೆಂದು ಬ್ಯಾಂಕ್ ವಾಪಸ್ ಕಳಿಸಿತು. ಎರಡೂ ಒಬ್ಬನೇ ಎಂದು ನೋಟರಿ ಅಫಿಡವಿಟ್ ಮಾಡಿಸಿ, ಬ್ಯಾಂಕಿಗೆ ಅಲೆದು ಖಾತೆಯ ಹೆಸರು ಬದಲಿಸಿದ ಮೇಲೆ ದುಡ್ಡು ಬಂತು, ಅದೂ ಮಧ್ಯದ ಬ್ಯಾಂಕಿನ ಶುಲ್ಕ ಕಳೆದು. ಮೊದಲ ಪೇಪರ್ ಕಳಿಸುವ ಮುಂಚೆಯೇ ಬ್ಯಾಂಕ್, ಪಾಸ್‌ಪೋರ್ಟ್, ಲೇಖಕರ ಹೆಸರು ಮೂರನ್ನೂ ಒಂದೇ ಮಾಡಿಕೊಳ್ಳಿ. ಆಂಥಾಲಜಿಯಲ್ಲೂ ಒಂದು ಪೇಪರ್‌ಗೆ ಒಂದು ಹೆಸರು, ಇನ್ನೊಂದಕ್ಕೆ ಇನ್ನೊಂದು ಎಂದಾದರೆ ಇಬ್ಬರು ಬೇರೆ ಲೇಖಕರಂತೆ ಕಾಣುತ್ತದೆ.

ಪೋಸ್ಟರ್ ಹತ್ತಿರ ಒಂದೂವರೆ ಗಂಟೆ ನಿಂತಿದ್ದೆ. ಹೆಚ್ಚಿನವರು ನೋಡಿ ನಕ್ಕು ಮುಂದೆ ಹೋಗುತ್ತಾರೆ. ಆದರೆ ಐದು ಕಾಗುಣಿತದ ಕೋಷ್ಟಕದ ಮುಂದೆ ನಿಂತು ಮಾತಾಡಿದವರು ನಾಲ್ಕೈದು ಜನ. ಅವರಲ್ಲಿ ಒಬ್ಬರಿಗೆ ಅದೇ ರಾತ್ರಿ ಎರಡು ಸಾಲಿನ ಮೇಲ್ ಹಾಕಿ, ಅವರು ಕೇಳಿದ್ದ ಹುಬ್ಬಳ್ಳಿ-ಮಂಡ್ಯ ವ್ಯತ್ಯಾಸದ ಸಂಖ್ಯೆ ಕಳಿಸಿದೆ. ಡಿಸೆಂಬರ್‌ನ ಪಿಎಚ್‌ಡಿ ಗಡುವಿನ ಹೊತ್ತಿಗೆ ಅವರಿಗೆ ನನ್ನ ಹೆಸರು ನೆನಪಿತ್ತು. ಈಗ ಅವರ ಗುಂಪಿನಲ್ಲೇ ಇದ್ದೇನೆ.

ಕೆಲಸದ ಕಡೆಯೂ ಉಪಯೋಗವಾಯಿತು. ಬೆಂಗಳೂರಿನ ಒಂದು ಧ್ವನಿ ತಂತ್ರಜ್ಞಾನ ಕಂಪನಿಯ ಸಂದರ್ಶನದಲ್ಲಿ ಪೇಪರ್ ತೆರೆದಿಟ್ಟುಕೊಂಡೇ ಕೇಳಿದರು. ಮಾಡೆಲ್ ಬಗ್ಗೆ ಒಂದೂ ಪ್ರಶ್ನೆ ಇಲ್ಲ. ಲೇಬಲ್ ಹಾಕಿಸಿದ್ದು ಹೇಗೆ, ಎಷ್ಟು ಕೊಟ್ಟಿರಿ, ಇಬ್ಬರೂ ಒಪ್ಪದಾಗ ಏನು ಮಾಡಿದಿರಿ, ಇವೇ ಪ್ರಶ್ನೆ. ಆ ಎರಡು ಸಾವಿರ ಕಾಮೆಂಟ್‌ಗಳ ಶೀಟ್ ಲ್ಯಾಪ್‌ಟಾಪ್‌ನಲ್ಲೇ ಇತ್ತು, ತೆರೆದು ತೋರಿಸಿದೆ. ಮರುದಿನವೇ ಆಫರ್ ಬಂತು.