ಬಾಕಿ 19,236 ಅಂದರು, ನಾನು ಲೆಡ್ಜರ್ ಕೇಳಿದೆ

2024ರ ಮಾರ್ಚ್ ಎರಡನೇ ವಾರ. ಬೆಂಗಳೂರಿನ ನಮ್ಮ ಫ್ಲ್ಯಾಟಿನಲ್ಲಿ ಬಾಡಿಗೆಗಿದ್ದವರು ಮನೆ ಖಾಲಿ ಮಾಡುವವರಿದ್ದರು. ಸಾಮಾನಿನ ಲಾರಿ ಒಳಗೆ ಬಿಡಬೇಕಾದರೆ ಅಸೋಸಿಯೇಷನ್‌ ಕಡೆಯಿಂದ ಬಾಕಿ ಇಲ್ಲ ಅನ್ನೋ ಚೀಟಿ ಬೇಕು ಎಂದು ಸೆಕ್ಯೂರಿಟಿಯವರು ಹೇಳಿದರಂತೆ. ಚೀಟಿ ಕೇಳಿದ್ದಕ್ಕೆ ಆಫೀಸಿನಿಂದ ನನಗೇ ಫೋನ್ ಬಂತು. "ಮೇಡಂ, ನಿಮ್ಮ ಫ್ಲ್ಯಾಟಿನ ಮೇಲೆ 19,236 ರೂಪಾಯಿ ಬಾಕಿ ಇದೆ."

ನನಗೆ ನಂಬಲಾಗಲಿಲ್ಲ. ಮೆಂಟೆನೆನ್ಸ್ ದುಡ್ಡು ಮೂರು ತಿಂಗಳಿಗೊಮ್ಮೆ ನನ್ನ ಬ್ಯಾಂಕಿನಿಂದ ತಾನಾಗಿ ಹೋಗುವಂತೆ ವರ್ಷಗಳ ಹಿಂದೆಯೇ ಸೂಚನೆ ಕೊಟ್ಟಿದ್ದೆ. ಒಂದು ಸಲವೂ ತಪ್ಪಿಲ್ಲ. ಆಫೀಸಿನಿಂದ ಕಳಿಸಿದ ಬಿಲ್ಲಿನಲ್ಲಿ ಇದ್ದದ್ದು ಒಂದೇ ಸಾಲು, 'ಹಿಂದಿನ ಬಾಕಿ ಮತ್ತು ಬಡ್ಡಿ'. ಪಕ್ಕದಲ್ಲಿ ಆ ಮೊತ್ತ. ಅಸಲು ಎಷ್ಟು, ಬಡ್ಡಿ ಎಷ್ಟು, ಯಾವ ತಿಂಗಳಿಂದ, ಯಾವುದೂ ಇಲ್ಲ.

ಹಳೆಯ ಬಿಲ್‌ಗಳನ್ನು ತೆಗೆದು ನೋಡಿದಾಗ ನನ್ನ ತಪ್ಪು ಮೊದಲು ಕಂಡಿತು. ನಮ್ಮದು 1,240 ಚದರಡಿ ಫ್ಲ್ಯಾಟ್. ಮೊದಲು ಚದರಡಿಗೆ ತಿಂಗಳಿಗೆ 3.50 ರೂಪಾಯಿ ಇತ್ತು, ಅಂದರೆ ಮೂರು ತಿಂಗಳಿಗೆ 13,020. ಅದು 4 ರೂಪಾಯಿ ಆಗಿ 14,880ಕ್ಕೆ ಏರಿತ್ತು. ಬ್ಯಾಂಕಿನಿಂದ ಮಾತ್ರ ಹಳೆಯ 13,020 ಹೋಗುತ್ತಲೇ ಇತ್ತು. ಪ್ರತಿ ಸಲ 1,860 ರೂಪಾಯಿ ಕಡಿಮೆ. ಬಿಲ್ ಬಂದಾಗ ತೆರೆದು ನೋಡಿರಲಿಲ್ಲ. ಹಾಗಾಗಿ ಬಾಕಿ ಇದ್ದದ್ದು ನಿಜ. ಪ್ರಶ್ನೆ ಇದ್ದದ್ದು ಎಷ್ಟು ಬಾಕಿ ಎನ್ನುವುದರಲ್ಲಿ.

ಲೆಕ್ಕ ಕೊಡುವವರೆಗೂ ಒಂದು ಪೈಸೆ ಕಟ್ಟಬೇಡ ಎಂದು ಇಬ್ಬರು ಸ್ನೇಹಿತರು ಹೇಳಿದರು. ನಾನು ಹಾಗೆ ಮಾಡಲಿಲ್ಲ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಲ್ಲಿ ಸಾಮಾನ್ಯ ಖರ್ಚಿನ ಪಾಲು ಕೊಡುವ ಹೊಣೆಯಿಂದ ಯಾವ ಮಾಲೀಕನೂ ತಪ್ಪಿಸಿಕೊಳ್ಳುವ ಹಾಗಿಲ್ಲ. ಕಟ್ಟದೆ ಉಳಿದದ್ದು ಫ್ಲ್ಯಾಟಿನ ಮೇಲೆಯೇ ಭಾರವಾಗಿ ಕೂರುತ್ತದೆ. ಪೂರ್ತಿ ನಿಲ್ಲಿಸಿಬಿಟ್ಟರೆ ನಾವು ಒಪ್ಪುವ ಹಣಕ್ಕೂ ಬಡ್ಡಿ ಓಡುತ್ತಲೇ ಇರುತ್ತದೆ. ಜೊತೆಗೆ ಬಾಕಿದಾರರು ಅನ್ನೋ ಹೆಸರು ಬೇರೆ. ಹೊಸ ದರ ಅಕ್ಟೋಬರ್ 2022ರಿಂದ ಜಾರಿಯಲ್ಲಿದೆ ಎನ್ನುವುದರಲ್ಲಿ ನನಗೆ ತಕರಾರು ಇರಲಿಲ್ಲ. ಅಲ್ಲಿಂದ ಜನವರಿ 2024ರವರೆಗೆ ಆರು ಬಿಲ್, ತಲಾ 1,860. ಒಟ್ಟು 11,160. ಅಷ್ಟನ್ನು ಅವತ್ತೇ ಕಳಿಸಿದೆ. ಕಳಿಸುವಾಗ ಇದು ಆ ಆರು ಬಿಲ್‌ಗಳ ಅಸಲು, ಉಳಿದದ್ದಕ್ಕೆ ನನ್ನ ಆಕ್ಷೇಪಣೆ ಇದೆ ಎಂದು ಈಮೇಲಿನಲ್ಲಿ ಬರೆದೆ. ಲಾರಿಯನ್ನು ಬಿಟ್ಟರು.

ಆಮೇಲೆ ಲೆಕ್ಕ ಕೇಳಿದೆ. ಸುಮ್ನೆ 'ಸ್ಟೇಟ್‌ಮೆಂಟ್ ಕೊಡಿ' ಎಂದರೆ ಅಸೋಸಿಯೇಷನ್ ಬಿಲ್ ಮತ್ತು ಲೆಕ್ಕಕ್ಕೆ ಬಳಸುವ ಆ್ಯಪಿನಲ್ಲಿರುವ ಒಂದು ಪುಟದ ಸಾರಾಂಶ ಕಳಿಸಿಬಿಡುತ್ತಾರೆ. ಅದರಲ್ಲಿ ವರ್ಷದ ಒಟ್ಟು ಬಿಲ್, ಒಟ್ಟು ಪಾವತಿ, ಉಳಿದ ಬಾಕಿ, ಇಷ್ಟೇ ಇರುತ್ತದೆ. ಬಡ್ಡಿ ಎಲ್ಲಿ ಹುಟ್ಟಿತು ಅನ್ನೋದು ಅದರಲ್ಲಿ ಕಾಣುವುದಿಲ್ಲ. ಅದಕ್ಕೇ ಏನೇನು ಬೇಕು ಎಂದು ಬಿಡಿಸಿ ಬರೆದೆ. 2022ರ ಏಪ್ರಿಲ್ 1ರಿಂದ 2024ರ ಮಾರ್ಚ್ 31ರವರೆಗೆ ನನ್ನ ಫ್ಲ್ಯಾಟಿನ ಪೂರ್ತಿ ಲೆಡ್ಜರ್ ಬೇಕು. ಪ್ರತಿ ಬಿಲ್ಲಿನ ದಿನಾಂಕ ಮತ್ತು ಸಂಖ್ಯೆ, ಪ್ರತಿ ಬಡ್ಡಿಯ ಸಾಲು ಬೇರೆಯಾಗಿ, ಅದರ ದರ, ನಾನು ಕಟ್ಟಿದ ಪ್ರತಿ ಹಣ ಯಾವ ಬಾಬ್ತಿಗೆ ಜಮೆ ಆಯಿತು, ಇವೆಲ್ಲ ಅದರಲ್ಲಿರಬೇಕು. ಜೊತೆಗೆ ಎರಡು ಕಾಗದ: ದರ ಏರಿಸಿದ ಮಹಾಸಭೆಯ ಮಿನಿಟ್ಸ್, ಮತ್ತು ತಡವಾದರೆ ಬಡ್ಡಿ ಎಷ್ಟು ಎಂದು ಹೇಳುವ ಬೈಲಾದ ಪುಟ. ಸೆಕ್ರೆಟರಿ ಮತ್ತು ಖಜಾಂಚಿ ಇಬ್ಬರಿಗೂ ಕಳಿಸಿದೆ. ವಾಟ್ಸಾಪ್ ಗುಂಪಿನಲ್ಲಿ ಹಾಕಲಿಲ್ಲ. ಅಲ್ಲಿ ಹಾಕಿದರೆ ಲೆಕ್ಕದ ಮಾತು ಜಗಳದ ಮಾತಾಗುತ್ತದೆ.

ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕು ಎಂದವರೂ ಇದ್ದರು. ಸರ್ಕಾರದ ಹಣದಿಂದ ನಡೆಯದ ಇಂಥ ಖಾಸಗಿ ಸಂಘಕ್ಕೆ ಆ ಕಾಯ್ದೆ ಅನ್ವಯಿಸುವುದಿಲ್ಲ. ಅದರ ಅಗತ್ಯವೂ ಇಲ್ಲ. 1972ರ ಕಾಯ್ದೆಯ ಕೆಳಗಿರುವ ಅಸೋಸಿಯೇಷನ್ ತನ್ನ ಜಮಾಖರ್ಚಿನ ಪುಸ್ತಕ ಮತ್ತು ವೋಚರ್‌ಗಳನ್ನು ಮಾಲೀಕರು ಪರಿಶೀಲಿಸಲು ಸಿಗುವಂತೆ ಇಡಬೇಕು. ನಿಮ್ಮ ಸಂಘ ಯಾವ ಕಾಯ್ದೆಯಲ್ಲಿ ನೋಂದಣಿ ಆಗಿದೆ ಎಂದು ಮಾತ್ರ ಮೊದಲು ನೋಡಿಕೊಳ್ಳಿ. ಕೆಲವು 1959ರ ಸಹಕಾರ ಸಂಘಗಳ ಕಾಯ್ದೆಯಲ್ಲಿವೆ, ಕೆಲವು 1960ರ ಸಂಘಗಳ ನೋಂದಣಿ ಕಾಯ್ದೆಯಲ್ಲಿವೆ. ಲೆಕ್ಕ ಕೊಡದೇ ಹೋದರೆ ಮುಂದೆ ಯಾರ ಬಾಗಿಲು ತಟ್ಟಬೇಕು ಎನ್ನುವುದು ಅದರ ಮೇಲೆ ನಿಂತಿದೆ.

ಎಂಟು ದಿನ ಉತ್ತರ ಬರಲಿಲ್ಲ. ಆ ಹೊತ್ತಿಗೆ ಬೈಲಾ ನಾನೇ ಹುಡುಕಿದೆ. ನಮ್ಮಲ್ಲಿ ಅದು ಕಟ್ಟಡದ ಘೋಷಣಾ ಪತ್ರದ ಜೊತೆಗೇ ನೋಂದಣಿ ಆಗಿದೆ. ಕ್ರಯಪತ್ರದ ಕಡತದಲ್ಲಿ ಪ್ರತಿ ಇತ್ತು. ಇಲ್ಲದಿದ್ದರೆ ಉಪನೋಂದಣಾಧಿಕಾರಿ ಕಚೇರಿಯಿಂದ ದೃಢೀಕೃತ ಪ್ರತಿ ತೆಗೆಸಬಹುದು. ನಮ್ಮ ಬೈಲಾ ಹೇಳುವುದು ಸ್ಪಷ್ಟವಾಗಿತ್ತು. ಗಡುವು ಹತ್ತನೇ ತಾರೀಖು. ತಡವಾದರೆ ವರ್ಷಕ್ಕೆ ಶೇ 18, ಸರಳ ಬಡ್ಡಿ.

ಇನ್ನೊಂದು ಸಲ ನೆನಪಿಸಿದ ಮೇಲೆ ಖಜಾಂಚಿಯವರು ಆಫೀಸಿಗೆ ಕರೆದರು. ಕೆಟ್ಟವರಲ್ಲ. ಸಂಬಳ ಇಲ್ಲದೆ, ತಮ್ಮ ಕೆಲಸದ ನಡುವೆ ಈ ಲೆಕ್ಕ ನೋಡಿಕೊಳ್ಳುವವರು. "ಆ್ಯಪ್ ತಾನಾಗಿ ಹಾಕುತ್ತೆ ಮೇಡಂ, ನಾವೇನೂ ಕೈಯಿಂದ ಬರೆಯಲ್ಲ" ಎಂದರು. "ಆ್ಯಪಿಗೆ ದರ ಹೇಳಿಕೊಟ್ಟಿದ್ದು ಯಾರಾದರೂ ಇರಬೇಕಲ್ವಾ ಸರ್? ಒಂದು ಸಲ ಲೆಡ್ಜರ್ ತೆಗೆಸಿ, ಇಬ್ಬರೂ ನೋಡೋಣ" ಎಂದೆ. ಅಕೌಂಟೆಂಟ್ ಮುದ್ರಿಸಿ ಕೊಟ್ಟರು. ನಾಲ್ಕು ಪುಟ.

ಮೊದಲ ಪುಟದಲ್ಲೇ ವಿಷಯ ಸಿಕ್ಕಿತು. 2022ರ ಏಪ್ರಿಲ್ 10ಕ್ಕೆ 1,860 ಬಾಕಿ. ಮೇ 10ಕ್ಕೆ ಬಡ್ಡಿ 37.20. ಜೂನ್ 10ಕ್ಕೆ 37.94. ಜುಲೈ 10ಕ್ಕೆ 38.70. ಆ ಮೂರು ತಿಂಗಳಲ್ಲಿ ಹೊಸ ಬಿಲ್ ಬಂದಿರಲಿಲ್ಲ. ಅಸಲು ಅಷ್ಟೇ ಇತ್ತು. ಆದರೂ ಬಡ್ಡಿ ತಿಂಗಳಿಂದ ತಿಂಗಳಿಗೆ ಏರಿತ್ತು. ಅಸಲು ಬದಲಾಗದೆ ಬಡ್ಡಿ ಬೆಳೆದರೆ ಅದು ಚಕ್ರಬಡ್ಡಿ. 1,860ಕ್ಕೆ 37.20 ಅಂದರೆ ತಿಂಗಳಿಗೆ ಶೇ 2. ಬೈಲಾದ ಶೇ 18 ತಿಂಗಳಿಗೆ ಒಂದೂವರೆ ಮಾತ್ರ. ದರವೂ ಜಾಸ್ತಿ, ಹಾಕಿದ ರೀತಿಯೂ ಬೇರೆ.

ಆ ಸಾಲುಗಳಲ್ಲೇ ಇನ್ನೂ ದೊಡ್ಡ ತಪ್ಪು ಇತ್ತು. ದರ ಏರಿಸಿದ ಮಹಾಸಭೆ ನಡೆದದ್ದೇ 2022ರ ಸೆಪ್ಟೆಂಬರ್ 25ಕ್ಕೆ. ಹಾಗಿದ್ದರೆ ಏಪ್ರಿಲ್‌ನಲ್ಲಿ ಬಾಕಿ ಎಲ್ಲಿಂದ ಬಂತು? ಬಜೆಟ್ ಏಪ್ರಿಲ್‌ನಿಂದ ಶುರು, ಅದಕ್ಕೆ ವ್ಯತ್ಯಾಸವನ್ನು ಹಿಂದಿನಿಂದಲೇ ಹಾಕಿದ್ದೇವೆ ಎಂದರು. ಮಿನಿಟ್ಸ್ ಪುಸ್ತಕ ತೆಗೆದೆವು. ಹೊಸ ದರ 'ಅಕ್ಟೋಬರ್ 1ರಿಂದ' ಎಂದು ನಿರ್ಣಯದಲ್ಲೇ ಬರೆದಿತ್ತು. ಆ್ಯಪಿನಲ್ಲಿ ಆರ್ಥಿಕ ವರ್ಷದ ಮೊದಲ ದಿನ ಆಯ್ಕೆಯಾಗಿತ್ತು. ಏಪ್ರಿಲ್ ಮತ್ತು ಜುಲೈ ಬಿಲ್‌ಗಳ ಮೇಲೆ ತಲಾ 1,860, ಒಟ್ಟು 3,720 ರೂಪಾಯಿ ಹೀಗೆ ಸೇರಿತ್ತು. ಇನ್ನೂ ಆಗದ ತೀರ್ಮಾನಕ್ಕೆ ಮೇ ತಿಂಗಳಲ್ಲೇ ಬಡ್ಡಿ ಬಿದ್ದಿತ್ತು. ಖಜಾಂಚಿಯವರು ಆ ಸಾಲನ್ನು ಎರಡು ಸಲ ಓದಿ, ಸುಮ್ಮನೆ ಕುಳಿತರು.

ಮನೆಗೆ ಬಂದು ಪೂರ್ತಿ ಲೆಕ್ಕ ಹಾಳೆಗೆ ಇಳಿಸಿದೆ. ಕಷ್ಟದ ಕೆಲಸವಲ್ಲ. ಪ್ರತಿ 1,860ಕ್ಕೆ ಗಡುವಿನಿಂದ 2024ರ ಮಾರ್ಚ್ 10ರವರೆಗೆ ಎಷ್ಟು ತಿಂಗಳು ಎಂದು ಎಣಿಸಬೇಕು, ಅಷ್ಟೆ. ಅಕ್ಟೋಬರ್ 2022ರ ಬಿಲ್ಲಿಗೆ 17 ತಿಂಗಳು:

```
=1860*18%/12*17
```

ಅದು 474.30. ಮುಂದಿನ ಬಿಲ್‌ಗಳಿಗೆ 14, 11, 8, 5, 2 ತಿಂಗಳು. ಆರನ್ನೂ ಕೂಡಿದರೆ ಬಡ್ಡಿ 1,590. ಅಸಲು 11,160. ಒಟ್ಟು 12,750. ಅವರು ಕೇಳಿದ್ದು 19,236.

ಈ ಹಾಳೆಯನ್ನು ಕಳಿಸಿದಾಗ ಅಕೌಂಟೆಂಟ್ ತಿದ್ದಿದ ಲೆಕ್ಕ ಕಳಿಸಿದರು. ಹಿಂದಿನ ವ್ಯತ್ಯಾಸ ತೆಗೆದಿದ್ದರು, ದರವನ್ನೂ ಶೇ 18 ಸರಳ ಬಡ್ಡಿ ಮಾಡಿದ್ದರು. ಆದರೂ ಅವರ ಮೊತ್ತ 12,868. ನನ್ನದಕ್ಕಿಂತ 118 ಜಾಸ್ತಿ. ಇಬ್ಬರ ದರವೂ ಒಂದೇ, ತಿಂಗಳೂ ಒಂದೇ. ಮತ್ತೆ ಹೇಗೆ? ಸಾಲು ಸಾಲಾಗಿ ಹೋಲಿಸಿದಾಗ ಗೊತ್ತಾಯಿತು. ನನ್ನ 13,020 ಬಂದಾಗಲೆಲ್ಲ ಆ್ಯಪ್ ಅದರಿಂದ ಮೊದಲು ಹಳೆಯ ಬಡ್ಡಿ ತೀರಿಸುತ್ತಿತ್ತು. ಉಳಿದದ್ದು ಮಾತ್ರ ಅಸಲಿಗೆ. ಬಡ್ಡಿ ತೀರುತ್ತದೆ, ಅಷ್ಟರ ಮಟ್ಟಿಗೆ ಅಸಲು ಉಳಿದುಕೊಳ್ಳುತ್ತದೆ, ಅದರ ಮೇಲೆ ಮತ್ತೆ ಬಡ್ಡಿ. ಹೆಸರಿಗೆ ಸರಳ ಬಡ್ಡಿ, ಆಗುವುದು ಮೂರು ತಿಂಗಳಿಗೊಮ್ಮೆ ಚಕ್ರಬಡ್ಡಿ. ನನ್ನದು ಸಣ್ಣ ಬಾಕಿ, ಅದಕ್ಕೆ 118. ಲಕ್ಷ ದಾಟಿದ ಬಾಕಿ ಇರುವವರಿಗೆ ಇದು ಸಣ್ಣದಲ್ಲ.

ಇದರಲ್ಲಿ ಅವರನ್ನು ದೂರುವಂತಿರಲಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 59ನೇ ಕಲಮಿನ ಪ್ರಕಾರ, ಬೇರೆ ಬೇರೆ ಸಾಲ ಇರುವವನು ಇದು ಇಂಥ ಸಾಲಕ್ಕೆ ಎಂದು ಹೇಳಿ ಹಣ ಕೊಟ್ಟರೆ, ತೆಗೆದುಕೊಂಡವನು ಅದಕ್ಕೇ ಜಮೆ ಮಾಡಬೇಕು. ಹೇಳದೆ ಕೊಟ್ಟರೆ ಆಯ್ಕೆ ತೆಗೆದುಕೊಂಡವನದು ಎನ್ನುತ್ತದೆ 60ನೇ ಕಲಮು. ನಾನು ಯಾವತ್ತೂ ಏನೂ ಹೇಳಿರಲಿಲ್ಲ. ಆ 118 ರೂಪಾಯಿಗೆ ವಾದ ಮಾಡದೆ ಒಪ್ಪಿಕೊಂಡೆ. ಮೊದಲೇ ಕಟ್ಟಿದ 11,160 ಕಳೆದು ಉಳಿದ 1,708 ಕಳಿಸಿದೆ.

ಆಗಿನಿಂದ ಬ್ಯಾಂಕಿನ ತಾನಾಗಿ ಹೋಗುವ ಪಾವತಿ ನಿಲ್ಲಿಸಿದ್ದೇನೆ. ಬಿಲ್ ನೋಡಿ, ಆ ಮೊತ್ತವನ್ನೇ ಕಳಿಸುತ್ತೇನೆ. ಕಳಿಸುವಾಗ ಷರಾದ ಜಾಗದಲ್ಲಿ ಹೀಗೆ ಬರೆಯುತ್ತೇನೆ:

```
Maintenance Apr-Jun 2024 bill only
```

ಅದೇ ಸಾಲನ್ನು ಬಿಲ್ ಸಂಖ್ಯೆಯ ಜೊತೆ ಆಫೀಸಿಗೆ ಈಮೇಲ್ ಮಾಡುತ್ತೇನೆ. ಬ್ಯಾಂಕಿನ ಷರಾ ಆ್ಯಪಿನೊಳಗೆ ಪೂರ್ತಿ ಬರುತ್ತದೆ ಎಂಬ ಖಾತ್ರಿ ಇಲ್ಲ.

ಹಿಂದಿನಿಂದ ಹಾಕಿದ ವ್ಯತ್ಯಾಸ ನನಗೊಬ್ಬಳಿಗೆ ಬಿದ್ದದ್ದಲ್ಲವಲ್ಲ. ಎಲ್ಲ ಫ್ಲ್ಯಾಟಿಗೂ ಅವರವರ ಚದರಡಿಯಷ್ಟು ಬಿದ್ದಿತ್ತು. ಹೆಚ್ಚಿನವರು ಕೇಳದೆ ಕಟ್ಟಿದ್ದರು. ಕೆಳಗಿನ ಮಹಡಿಯ ನಿವೃತ್ತ ಮೇಷ್ಟ್ರು ಬಡ್ಡಿ ಸಮೇತ ಕಟ್ಟಿದ್ದರು. ನನ್ನದನ್ನು ಮಾತ್ರ ತಿದ್ದಿಸಿಕೊಂಡು ಸುಮ್ಮನಾಗಲು ಮನಸ್ಸು ಬರಲಿಲ್ಲ. ಮಿನಿಟ್ಸಿನ ಆ ಪುಟದ ಫೋಟೊ ಮತ್ತು ಲೆಡ್ಜರಿನ ಮೊದಲ ಮೂರು ಸಾಲು ಇಟ್ಟು ಸಮಿತಿಗೆ ಪತ್ರ ಕೊಟ್ಟೆ. ಖಜಾಂಚಿಯವರೇ ಅದನ್ನು ಸಭೆಯಲ್ಲಿ ಓದಿದರು. ಕಟ್ಟಿದವರಿಗೆಲ್ಲ ಜುಲೈ ಬಿಲ್ಲಿನಲ್ಲಿ ಅಷ್ಟು ಹಣ ಕಳೆದುಕೊಟ್ಟರು. ಆ್ಯಪಿನ ಬಡ್ಡಿ ದರವನ್ನೂ ಬೈಲಾಕ್ಕೆ ಸರಿಯಾಗಿ ಬದಲಿಸಿದರು.

ಬಾಕಿ ಸೊನ್ನೆ ಎಂದು ತೋರಿಸುವ ಲೆಡ್ಜರಿಗೆ ಸೆಕ್ರೆಟರಿಯವರ ಸಹಿ ಮತ್ತು ಸೀಲು ಹಾಕಿಸಿಕೊಂಡೆ. ಮುಂದೆ ಫ್ಲ್ಯಾಟ್ ಮಾರಿದರೆ ಕೊಳ್ಳುವವರ ವಕೀಲರು ಮೊದಲು ಕೇಳುವ ಕಾಗದಗಳಲ್ಲಿ ಅದೂ ಒಂದು. ಕ್ರಯಪತ್ರದ ಕಡತದಲ್ಲಿ, ಬೈಲಾದ ಹಿಂದೆ ಇಟ್ಟಿದ್ದೇನೆ.